ಬೀದಿಯ ಸದ್ದಿಗೆ ಒಡೆಯರು ಯಾರು?

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಸ್ ನಿಲ್ದಾಣದಲ್ಲಿ ಎರಡೂ ಎಂಬಂತೆ ಬದುಕುವ ನಮ್ಮ ಊರುಗಳಲ್ಲಿ ಈಗ ಹರೆಯದ ಹುಡುಗರು ಕೈಯಲ್ಲಿ ಫೋನು ಹಿಡಿದು ಊರೂರು ಸುತ್ತಿ, ಕಂಡದ್ದನ್ನು ಚಿತ್ರಿಸಿ, ಯೂಟ್ಯೂಬಿನಲ್ಲಿ ಹಾಕುತ್ತಾರೆ. ವ್ಲಾಗ್ ಎಂದು ಅದಕ್ಕೆ ಹೆಸರು. ಹಾಗೆ ಹಾಕಿದವರಲ್ಲಿ ಕೆಲವರಿಗೆ ಒಂದು ದಿನ ಒಂದು ಸೂಚನೆ ಬರುತ್ತದೆ: ನಿಮ್ಮ ವಿಡಿಯೊದಲ್ಲಿ ಬೇರೊಬ್ಬರ ಸಂಗೀತವಿದೆ, ಅವರು ಅದರ ಮೇಲೆ ಕಾಪಿರೈಟ್ ಕ್ಲೇಮ್ ಹೂಡಿದ್ದಾರೆ ಎಂದು. ಹುಡುಗ ದಿಗಿಲುಬೀಳುತ್ತಾನೆ. ‘ನಾನು ಯಾವ ಹಾಡನ್ನೂ ಸೇರಿಸಿಲ್ಲ, ಬೀದಿಯಲ್ಲಿ ಕೇಳಿದ್ದಷ್ಟೇ ಅದರಲ್ಲಿದೆ’ ಎನ್ನುತ್ತಾನೆ. ಈ ಮಾತು ನಿಜವಿರಬಹುದು. ಆದರೆ ಈ ಒಂದು ಮಾತಿನಿಂದ ತಕರಾರು ಗೆಲ್ಲುವುದಿಲ್ಲ. ಏಕೆ ಗೆಲ್ಲುವುದಿಲ್ಲ, ಗೆಲ್ಲಬೇಕಾದರೆ ಉತ್ತರ ಪತ್ರವನ್ನು ಹೇಗೆ ಬರೆಯಬೇಕು ಎಂಬುದು ಈ ಹೊತ್ತಿನ ಮಾತು.

ತಿಳಿಯಲು ಅನುಕೂಲವಾಗಲೆಂದು ಒಂದು ವಿಡಿಯೊವನ್ನು ಕಲ್ಪಿಸಿಕೊಳ್ಳೋಣ. ಕೃಷ್ಣಾ ಸ್ಟೇಷನ್ನಿನ ಕಡೆಯ ಒಬ್ಬ ಹುಡುಗ ಬೆಳಿಗ್ಗೆ ಮಕ್ತಲಿಗೆ ಹೋಗುತ್ತಾನೆ. ಪಡಮಟಿ ಆಂಜನೇಯನ ಗುಡಿಯ ಕಡೆಯ ಬೀದಿಯಲ್ಲಿ ಇಬ್ಬರು ಹಲಗೆ ಬಾರಿಸುತ್ತಿರುತ್ತಾರೆ. ತೆಲುಗಿನಲ್ಲಿ ಡಪ್ಪು ಎನ್ನುತ್ತಾರಲ್ಲ, ಅದೇ. ಅದನ್ನು ಚಿತ್ರಿಸುತ್ತಾನೆ. ಅಲ್ಲಿಂದ ನಾರಾಯಣಪೇಟೆಗೆ ಹೋಗಿ ನೇಕಾರರ ಓಣಿಯಲ್ಲಿ ಮಗ್ಗದ ಸದ್ದನ್ನು ಹಿಡಿಯುತ್ತಾನೆ. ಪಕ್ಕದ ಚಹಾದಂಗಡಿಯ ಸ್ಪೀಕರಿನಲ್ಲಿ ಒಂದು ಸಿನಿಮಾ ಹಾಡು ಬರುತ್ತಿರುತ್ತದೆ, ಅದೂ ಸೇರಿಕೊಳ್ಳುತ್ತದೆ. ಮರುದಿನ ಗದ್ವಾಲಕ್ಕೆ ಹೋಗಿ ಕೋಟೆಯನ್ನೂ ಅದರೊಳಗಿನ ಚೆನ್ನಕೇಶವನ ಗುಡಿಯನ್ನೂ ತೋರಿಸಿ ಹೊರಬರುವಾಗ ಮದುವೆಯ ಮೆರವಣಿಗೆ ಎದುರಾಗುತ್ತದೆ. ಬ್ಯಾಂಡಿನವರು ಮತ್ತೊಂದು ಸಿನಿಮಾ ಹಾಡಿನ ಧಾಟಿಯನ್ನು ನುಡಿಸುತ್ತಿರುತ್ತಾರೆ. ಹನ್ನೆರಡು ನಿಮಿಷದ ವಿಡಿಯೊ ಸಿದ್ಧವಾಯಿತು. ಹಾಕಿದ ಸ್ವಲ್ಪ ಹೊತ್ತಿಗೇ ಮೂರು ಕ್ಲೇಮ್ ಬಂದವು: ಒಂದು ಹಲಗೆಯ ಭಾಗಕ್ಕೆ, ಒಂದು ಚಹಾದಂಗಡಿಯ ಭಾಗಕ್ಕೆ, ಒಂದು ಮೆರವಣಿಗೆಗೆ.

ಮೂರೂ ಬೀದಿಯ ಸದ್ದೇ. ಆದರೆ ಮೂರಕ್ಕೂ ಒಂದೇ ಉತ್ತರ ಬರೆದರೆ ಕೆಡುತ್ತದೆ.

ಮೊದಲು ಈ ಕ್ಲೇಮ್ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯೋಣ. ಎಲ್ಲೋ ಒಂದು ಕಚೇರಿಯಲ್ಲಿ ಕುಳಿತ ಮನುಷ್ಯ ನಮ್ಮ ಹುಡುಗನ ವಿಡಿಯೊವನ್ನು ನೋಡಿ ಸಿಟ್ಟಾಗಿದ್ದಾನೆ ಎಂದು ತಿಳಿಯಬೇಡಿ. ಯೂಟ್ಯೂಬಿನಲ್ಲಿ 2007ರಿಂದ ‘ಕಂಟೆಂಟ್ ಐಡಿ’ ಎಂಬ ಯಂತ್ರವ್ಯವಸ್ಥೆ ಇದೆ. ಕ್ಯಾಸೆಟ್ ಕಂಪನಿ, ಸಿನಿಮಾ ಕಂಪನಿಗಳು ತಮ್ಮ ಧ್ವನಿಮುದ್ರಿಕೆಗಳನ್ನು ಅದಕ್ಕೆ ಒಪ್ಪಿಸಿರುತ್ತವೆ. ಯಂತ್ರವು ಪ್ರತಿಯೊಂದು ಮುದ್ರಿಕೆಗೂ ಹೆಬ್ಬೆರಳ ಗುರುತಿನಂಥ ಒಂದು ಗುರುತನ್ನು ಮಾಡಿಟ್ಟುಕೊಳ್ಳುತ್ತದೆ. ನೀವು ವಿಡಿಯೊ ಹಾಕಿದ ಕೂಡಲೇ ಅದರ ಸದ್ದನ್ನು ಆ ಗುರುತುಗಳ ಜೊತೆ ಹೋಲಿಸಿ ನೋಡುತ್ತದೆ. ಹೊಂದಿದರೆ ಕ್ಲೇಮ್ ತಾನಾಗಿಯೇ ಬೀಳುತ್ತದೆ.

ಯಂತ್ರಕ್ಕೆ ಹೋಲಿಕೆ ತಿಳಿಯುತ್ತದೆ, ಒಡೆತನ ತಿಳಿಯುವುದಿಲ್ಲ. 2012ರಲ್ಲಿ ಒಬ್ಬಾತ ಬಯಲಿನಲ್ಲಿ ಸೊಪ್ಪು ಕೀಳುವ ವಿಡಿಯೊ ಹಾಕಿದ್ದ. ಅದರಲ್ಲಿದ್ದದ್ದು ಹಕ್ಕಿಗಳ ಚಿಲಿಪಿಲಿ ಮಾತ್ರ. ಆದರೂ ಒಂದು ಸಂಗೀತ ಕಂಪನಿಯ ಹೆಸರಿನಲ್ಲಿ ಕ್ಲೇಮ್ ಬಿತ್ತು. ಸುದ್ದಿ ಹಬ್ಬಿದ ಮೇಲೆ ಆ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ಆಸ್ಟ್ರೇಲಿಯದ ಸಂಗೀತಗಾರನೊಬ್ಬ ಹತ್ತು ಗಂಟೆಗಳ ಬರಿಯ ‘ಸುಯ್’ ಎನ್ನುವ ಸದ್ದನ್ನು, ಸ್ಟೇಷನ್ ಸಿಗದಾಗ ರೇಡಿಯೊ ಮಾಡುವಂಥ ಸದ್ದನ್ನು, ತಾನೇ ತಯಾರಿಸಿ ಹಾಕಿದ್ದ. ಅದರ ಮೇಲೆ ಐದು ಕ್ಲೇಮುಗಳು ಬಿದ್ದ ಸಂಗತಿ 2018ರ ಜನವರಿಯಲ್ಲಿ ಸುದ್ದಿಯಾಯಿತು. ಹೀಗಿರುವಾಗ ಮಕ್ತಲಿನ ಹಲಗೆಯ ಪೆಟ್ಟು ಯಾವುದೋ ಜಾತ್ರೆಯ ಕ್ಯಾಸೆಟ್ಟಿನ ಹಲಗೆಯ ಪೆಟ್ಟಿನಂತೆ ಯಂತ್ರಕ್ಕೆ ಕೇಳಿಸಿದರೆ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಸಮಾಧಾನದ ವಿಷಯವಿದೆ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಿದ್ದರೆ ಸಾಮಾನ್ಯವಾಗಿ ಆ ವಿಡಿಯೊದ ಜಾಹೀರಾತಿನ ಹಣ ಕ್ಲೇಮುದಾರನಿಗೆ ಹೋಗುತ್ತದೆ, ಇಲ್ಲವೆ ವಿಡಿಯೊ ಕೆಲವು ದೇಶಗಳಲ್ಲಿ ಕಾಣದಂತಾಗುತ್ತದೆ. ಅಷ್ಟೇ. ಸ್ಟ್ರೈಕ್ ಎಂದರೆ ಹಕ್ಕುದಾರನು ಕಾನೂನಿನ ಪ್ರಕಾರ ವಿಡಿಯೊ ತೆಗೆಸಿಹಾಕುವುದು. ತೊಂಬತ್ತು ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಬಂದ ಸೂಚನೆ ಯಾವುದು ಎಂಬುದನ್ನು ಮೊದಲು ಓದಿಕೊಳ್ಳಿ. ನಮ್ಮ ಹುಡುಗನಿಗೆ ಬಂದದ್ದು ಕ್ಲೇಮ್. ಅವನಿಗೆ ಯೋಚಿಸಲು ಸಮಯವಿದೆ.

ಈಗ ಪತ್ರ ಬರೆಯುವ ಮೊದಲು ಅವನು ಮಾಡಬೇಕಾದ ಕೆಲಸ. ‘YouTube Studio’ ತೆರೆದು ಆ ವಿಡಿಯೊದ ಕ್ಲೇಮಿನ ವಿವರ ನೋಡಬೇಕು. ವಿಡಿಯೊದ ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗೆ, ಯಾವ ಹೆಸರಿನ ಹಾಡು, ಯಾರ ಕ್ಲೇಮ್ ಎಂಬುದೆಲ್ಲ ಅಲ್ಲಿ ಇರುತ್ತದೆ. ಅಷ್ಟು ಭಾಗವನ್ನೇ ಕಿವಿಗೆ ಹಾಕಿಕೊಂಡು ಕೇಳಬೇಕು. ಕೇಳುತ್ತ ಒಂದೇ ಪ್ರಶ್ನೆ ಹಾಕಿಕೊಳ್ಳಬೇಕು: ಈ ಸದ್ದನ್ನು ಆ ಕ್ಷಣದಲ್ಲಿ ಹೊರಡಿಸಿದವರು ಯಾರು? ಮನುಷ್ಯನ ಕೈಯೋ, ಸ್ಪೀಕರೋ? ಮನುಷ್ಯನ ಕೈಯಾದರೆ, ಅವನು ನುಡಿಸಿದ್ದು ಹಿಂದಿನಿಂದ ಬಂದದ್ದೋ, ಯಾರೋ ಒಬ್ಬರು ಈಚೆಗೆ ರಚಿಸಿದ್ದೋ?

ಹೀಗೆ ಕೇಳಬೇಕಾದ ಕಾರಣ ಇಷ್ಟು. ಒಂದು ಹಾಡಿನಲ್ಲಿ ಒಂದರ ಮೇಲೊಂದು ಹಕ್ಕುಗಳಿರುತ್ತವೆ. ಸಾಹಿತ್ಯಕ್ಕೆ ಒಂದು, ರಾಗಸಂಯೋಜನೆಗೆ ಒಂದು, ಅದನ್ನು ಹಿಡಿದಿಟ್ಟ ಧ್ವನಿಮುದ್ರಿಕೆಗೆ ಇನ್ನೊಂದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ರಚನೆಯ ಹಕ್ಕು ರಚಿಸಿದವರು ತೀರಿಕೊಂಡ ಮೇಲೂ ಅರವತ್ತು ವರ್ಷ ಇರುತ್ತದೆ. ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ ಅರವತ್ತು ವರ್ಷ. 1960ರಲ್ಲಿ ಹೊರಬಂದ ಮುದ್ರಿಕೆಯ ಹಕ್ಕು 2020ರ ಕೊನೆಯಲ್ಲಿ ಮುಗಿಯಿತು ಎಂದು ಲೆಕ್ಕ. ಅಜ್ಜನ ಕಾಲದಿಂದ ಬಂದ ಹಲಗೆಯ ಗತ್ತಿಗೆ ರಚನೆಯ ಹಕ್ಕು ಯಾರಿಗೂ ಇಲ್ಲ. ಯಾವುದಾದರೂ ಕಂಪನಿ ಅದನ್ನು ಮುದ್ರಿಸಿಕೊಂಡರೆ ಆ ಮುದ್ರಿಕೆಗೆ ಮಾತ್ರ ಅದು ಒಡೆಯ, ಗತ್ತಿಗೆ ಅಲ್ಲ. ಬಾವಿಯಿಂದ ಒಬ್ಬರು ಕೊಡ ತುಂಬಿಕೊಂಡರೆ ಕೊಡದ ನೀರು ಅವರದು, ಬಾವಿ ಅವರದಾಗುವುದಿಲ್ಲ.

ಮಕ್ತಲಿನ ಭಾಗಕ್ಕೆ ಬರೋಣ. ಕ್ಲೇಮ್ ಇರುವುದು 2 ನಿಮಿಷ 10 ಸೆಕೆಂಡಿನಿಂದ 2 ನಿಮಿಷ 52 ಸೆಕೆಂಡಿನವರೆಗೆ. ಕ್ಲೇಮಿನಲ್ಲಿ ಹೇಳಿದ ಮುದ್ರಿಕೆಯನ್ನು ಹುಡುಕಿ ಹುಡುಗ ಕೇಳುತ್ತಾನೆ. ಅದರಲ್ಲಿ ಹಲಗೆಯ ಜೊತೆಗೆ ತಾಳವಿದೆ, ಹಿಂದೆ ಶ್ರುತಿಯಿದೆ. ತನ್ನದರಲ್ಲಿ ಹಲಗೆ ಎರಡೇ, ನಡುವೆ ಬಸ್ಸಿನ ಹಾರನ್ನು, ಒಂದು ಮಗು ಅಳುವ ಸದ್ದು. ಮುಖ್ಯವಾಗಿ, ಬಾರಿಸುವ ಕೈ ಚಿತ್ರದಲ್ಲಿ ಕಾಣುತ್ತದೆ, ಕೈ ಬಿದ್ದಾಗಲೇ ಸದ್ದೂ ಬೀಳುತ್ತದೆ. ಬಾಯಲ್ಲಿ ಹಾಡಿಲ್ಲ. ಹಾಡಿದ್ದರೆ ಇನ್ನೂ ಒಂದು ವಿಚಾರಣೆ ಬೇಕಿತ್ತು. ಏಕೆಂದರೆ ಜನಪದದಂತೆ ಕೇಳುವ ಎಷ್ಟೋ ಹಾಡುಗಳಿಗೆ ಹೆಸರು ಗೊತ್ತಿರುವ ಕವಿ ಇರುತ್ತಾನೆ, ಅವನ ಹಕ್ಕು ಇನ್ನೂ ಜೀವಂತವಾಗಿರಬಹುದು. ಇಲ್ಲಿ ಆ ತೊಡಕಿಲ್ಲ. ಈ ಕ್ಲೇಮ್ ತಪ್ಪು. ತಕರಾರು ಹಾಕಬೇಕು.

ಸಾಕ್ಷಿ ಮೊದಲು. ಫೋನಿನಲ್ಲಿರುವ ಮೂಲ ವಿಡಿಯೊವನ್ನು ಅಳಿಸಬಾರದು. ತೆಗೆದ ದಿನ, ಹೊತ್ತು ಅದರಲ್ಲೇ ದಾಖಲಾಗಿರುತ್ತದೆ. ಕತ್ತರಿಸದ ಉದ್ದನೆಯ ಭಾಗವಿದ್ದರೆ ಇನ್ನೂ ಒಳ್ಳೆಯದು. ಬಾರಿಸುವವರು ನಿಂತಲ್ಲಿಂದ ಶುರುಮಾಡಿ ನಿಲ್ಲಿಸುವವರೆಗೆ ಅದರಲ್ಲಿ ಕಾಣುತ್ತದೆ. ಅದರ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಬೇಕು.

ಆಮೇಲೆ ‘Dispute’ ಎಂಬುದನ್ನು ಒತ್ತಿದರೆ ಕಾರಣ ಯಾವುದು ಎಂದು ಕೇಳುತ್ತದೆ. ಇದು ನನ್ನದೇ, ನನಗೆ ಅನುಮತಿಯಿದೆ, ನ್ಯಾಯಯುತ ಬಳಕೆ, ಹಕ್ಕು ಮುಗಿದ ಕೃತಿ ಎಂಬ ಅರ್ಥದ ಕಾರಣಗಳು ಅಲ್ಲಿರುತ್ತವೆ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ‘ನ್ಯಾಯಯುತ ಬಳಕೆ’ ಎಂಬ ಮಾತು ಕಿವಿಗೆ ಇಂಪಾಗಿದೆ, ಹಾಗಾಗಿ ಅದನ್ನೇ ಆರಿಸುತ್ತಾರೆ. ಆದರೆ ಅದನ್ನು ಆರಿಸಿದರೆ ‘ಸಂಗೀತ ನಿಮ್ಮದೇ, ಆದರೆ ಬಳಸಲು ನನಗೆ ಕಾರಣವಿದೆ’ ಎಂದು ಒಪ್ಪಿಕೊಂಡಂತೆ. ನಮ್ಮ ಹುಡುಗನ ವಾದ ಅದಲ್ಲ. ಸಂಗೀತ ಅವರದಲ್ಲವೇ ಅಲ್ಲ ಎಂಬುದು ಅವನ ವಾದ. ಧ್ವನಿಮುದ್ರಣದ ಹೊಣೆ ಹೊತ್ತು ಅದನ್ನು ಮಾಡಿದವರೇ ಮುದ್ರಿಕೆಯ ಕರ್ತೃ ಎಂದು ನಮ್ಮ ಕಾಯಿದೆ ಹೇಳುತ್ತದೆ. ಬೀದಿಯಲ್ಲಿ ಫೋನು ಹಿಡಿದು ನಿಂತವನು ಅವನೇ. ಆದ್ದರಿಂದ ಮುದ್ರಣ ತನ್ನದೇ ಎಂಬ ಕಾರಣವನ್ನು ಆರಿಸಬೇಕು.

ಪತ್ರವನ್ನು ಇಂಗ್ಲಿಷಿನಲ್ಲಿ ಬರೆದರೆ ಆ ಕಡೆ ಓದುವವರಿಗೆ ಸುಲಭ. ಒಕ್ಕಣೆಯನ್ನು ನಾನು ಕನ್ನಡದಲ್ಲಿ ಓದುತ್ತೇನೆ.

‘ಮಾನ್ಯರೇ, ನನ್ನ ವಿಡಿಯೊದ 2 ನಿಮಿಷ 10 ಸೆಕೆಂಡಿನಿಂದ 2 ನಿಮಿಷ 52 ಸೆಕೆಂಡಿನವರೆಗಿನ ಧ್ವನಿಯ ಮೇಲೆ ನಿಮ್ಮ ಕ್ಲೇಮ್ ಇದೆ. ಆ ಭಾಗದಲ್ಲಿ ನಿಮ್ಮ ಮುದ್ರಿಕೆಯ ಯಾವ ಅಂಶವೂ ಇಲ್ಲ. ಅದು ತೆಲಂಗಾಣದ ಮಕ್ತಲ್ ಊರಿನ ಬೀದಿಯಲ್ಲಿ ಇಬ್ಬರು ಹಲಗೆ ಬಾರಿಸುತ್ತಿದ್ದಾಗ ನಾನೇ ನನ್ನ ಫೋನಿನಲ್ಲಿ ಇಂಥ ದಿನಾಂಕದಂದು ಹಿಡಿದ ನೇರ ಧ್ವನಿ. ಬಾರಿಸುವವರ ಕೈ ಚಿತ್ರದಲ್ಲಿ ಕಾಣುತ್ತದೆ, ಧ್ವನಿ ಆ ಕೈಗೆ ಹೊಂದುತ್ತದೆ. 2 ನಿಮಿಷ 31 ಸೆಕೆಂಡಿನಲ್ಲಿ ಬಸ್ಸಿನ ಹಾರನ್ ಇದೆ, ಅದು ನಿಮ್ಮ ಮುದ್ರಿಕೆಯಲ್ಲಿ ಇಲ್ಲ. ನಿಮ್ಮ ಮುದ್ರಿಕೆಯಲ್ಲಿರುವ ತಾಳ ಮತ್ತು ಶ್ರುತಿ ನನ್ನದರಲ್ಲಿ ಇಲ್ಲ. ಬಾರಿಸಿದ ಗತ್ತು ಪರಂಪರೆಯಿಂದ ಬಂದದ್ದು, ಈಚಿನ ಯಾರ ರಚನೆಯೂ ಅಲ್ಲ. ಬಾರಿಸಿದವರ ಒಪ್ಪಿಗೆ ನನ್ನಲ್ಲಿದೆ. ಕತ್ತರಿಸದ ಮೂಲ ವಿಡಿಯೊ ನನ್ನ ಬಳಿ ಇದೆ, ಕೇಳಿದರೆ ತೋರಿಸುತ್ತೇನೆ. ಕ್ಲೇಮನ್ನು ಬಿಟ್ಟುಕೊಡಬೇಕೆಂದು ಕೋರುತ್ತೇನೆ.’

ಇಷ್ಟೇ ಪತ್ರ. ಇದರಲ್ಲಿ ಸಿಟ್ಟಿಲ್ಲ, ಗೋಳಿಲ್ಲ. ಓದುವವನು ಎರಡೂ ಧ್ವನಿಗಳನ್ನು ಪಕ್ಕಪಕ್ಕ ಇಟ್ಟು ಒಂದೆರಡು ನಿಮಿಷದಲ್ಲಿ ಪರೀಕ್ಷಿಸಬಹುದಾದ ಸಂಗತಿಗಳಷ್ಟೇ ಇವೆ. ಹಾರನ್ನಿನ ಸೆಕೆಂಡನ್ನು ಬರೆದದ್ದು ಅದಕ್ಕೇ. ‘ನಾನು ಬಡವ, ಇದರಿಂದ ಹಣ ಮಾಡುವುದಿಲ್ಲ’, ‘ಎಲ್ಲರೂ ಹೀಗೇ ಹಾಕುತ್ತಾರೆ’, ‘ಹಾಡಿನ ಹೆಸರನ್ನು ಕೆಳಗೆ ಬರೆದಿದ್ದೇನೆ’ ಎಂಬಂಥ ಮಾತುಗಳನ್ನು ಸೇರಿಸಬಾರದು. ಅವು ಒಡೆತನದ ಪ್ರಶ್ನೆಗೆ ಉತ್ತರವಲ್ಲ. ಕೊನೆಯ ಮಾತಂತೂ ತಪ್ಪೊಪ್ಪಿಗೆಯಂತೆ ಕೇಳುತ್ತದೆ.

ಇನ್ನು ನಾರಾಯಣಪೇಟೆಯ ಚಹಾದಂಗಡಿ. ಮಗ್ಗದ ಓಣಿಯ ಚಿತ್ರದಲ್ಲಿ ನಲವತ್ತೈದು ಸೆಕೆಂಡು ಆ ಸಿನಿಮಾ ಹಾಡು ಕೇಳುತ್ತದೆ. ಹುಡುಗ ಅದನ್ನು ಬೇಕೆಂದು ಹಾಕಿದ್ದಲ್ಲ, ಗಾಳಿಯಲ್ಲಿ ತಾನಾಗಿ ಬಂದದ್ದು. ಆದರೆ ಸ್ಪೀಕರಿನಿಂದ ಹೊರಟದ್ದು ಕಂಪನಿಯ ಮುದ್ರಿಕೆಯೇ. ಗಾಳಿಯನ್ನು ದಾಟಿ ಫೋನಿಗೆ ಬಂದರೂ ಅದು ಅದೇ ಮುದ್ರಿಕೆ. ಯಂತ್ರ ಇಲ್ಲಿ ತಪ್ಪಿಲ್ಲ.

ಹಾಗಾದರೆ ಹಿನ್ನೆಲೆಯಲ್ಲಿ ಬಂದದ್ದಕ್ಕೆ ಕಾನೂನಿನಲ್ಲಿ ರಿಯಾಯಿತಿ ಇಲ್ಲವೇ ಎಂದು ನೀವು ಕೇಳಬಹುದು. ಕಾಯಿದೆಯ 52ನೆಯ ಕಲಮಿನಲ್ಲಿ ಒಂದು ರಿಯಾಯಿತಿ ಇದೆ. ಚಲನಚಿತ್ರದಲ್ಲಿ ಹಿನ್ನೆಲೆಯಾಗಿ, ಪ್ರಾಸಂಗಿಕವಾಗಿ ಕಾಣುವ ಕಲಾಕೃತಿಗೆ, ಅಂದರೆ ಚಿತ್ರಪಟ, ಶಿಲ್ಪ, ಕಟ್ಟಡದಂಥವಕ್ಕೆ ಅದು ಅನ್ವಯಿಸುತ್ತದೆ. ಗದ್ವಾಲದ ಬೀದಿಯ ಗೋಡೆಯ ಮೇಲಿನ ಹೊಸ ಚಿತ್ರ ನಿಮ್ಮ ವಿಡಿಯೊದಲ್ಲಿ ಕಂಡರೆ ತಕರಾರಿಲ್ಲ. ಆದರೆ ಆ ಮಾತು ಸಂಗೀತವನ್ನು ಹೆಸರಿಸುವುದಿಲ್ಲ. ಇಂಗ್ಲೆಂಡಿನ ಕಾನೂನಿನಲ್ಲಿ ಆಕಸ್ಮಿಕವಾಗಿ ಸೇರಿದ ಸಂಗೀತಕ್ಕೂ ರಿಯಾಯಿತಿ ಇದೆ. ಅಲ್ಲಿಯೂ ಬೇಕೆಂದೇ ಸೇರಿಸಿದ ಸಂಗೀತಕ್ಕೆ ಇಲ್ಲ.

ನಮ್ಮಲ್ಲಿ ಇರುವ ಆಸರೆ ಒಂದು ತೀರ್ಪು. 2012ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟು ಇಂಡಿಯಾ ಟಿವಿ ಮತ್ತು ಯಶ್‌ರಾಜ್ ಫಿಲ್ಮ್ಸ್ ನಡುವಿನ ಮೊಕದ್ದಮೆಯಲ್ಲಿ ಅದನ್ನು ಕೊಟ್ಟಿತು. ಗಾಯಕಿಯೊಬ್ಬರು ಟಿವಿ ಕಾರ್ಯಕ್ರಮದಲ್ಲಿ ಸಿನಿಮಾ ಹಾಡುಗಳ ಸಣ್ಣ ಸಣ್ಣ ತುಣುಕುಗಳನ್ನು ಹಾಡಿದ್ದರು. ತೀರಾ ಅಲ್ಪವಾದ ಸಂಗತಿಗೆ ಕಾನೂನು ತಲೆಕೆಡಿಸಿಕೊಳ್ಳುವುದಿಲ್ಲ ಎಂಬ ಹಳೆಯ ನ್ಯಾಯಸೂತ್ರವನ್ನು ಕೋರ್ಟು ಅಲ್ಲಿ ಅನ್ವಯಿಸಿತು. ಎಷ್ಟು ಹಾನಿಯಾಯಿತು, ಮಾಡಿದವನ ಉದ್ದೇಶವೇನು ಎಂಬಂಥವನ್ನು ತೂಗಿ ನೋಡಬೇಕು ಎಂದಿತು. ಇದು ಕೋರ್ಟಿನಲ್ಲಿ ಹೇಳಿಕೊಳ್ಳಬಹುದಾದ ಒಳ್ಳೆಯ ವಾದ. ಆದರೆ ಎಷ್ಟು ಸೆಕೆಂಡಿನವರೆಗೆ ಅಲ್ಪ ಎಂಬ ಅಳತೆ ಎಲ್ಲಿಯೂ ಇಲ್ಲ. ‘ಹತ್ತು ಸೆಕೆಂಡಿನವರೆಗೆ ಮಾಫಿ, ಮೂವತ್ತು ಸೆಕೆಂಡಿನವರೆಗೆ ಮಾಫಿ’ ಎಂದು ಜನ ಹೇಳುವುದು ಕಟ್ಟುಕತೆ. ಎರಡು ಮಾತಿನ ನಡುವೆ ಮೂರು ಸೆಕೆಂಡು ಹಾಡು ಹಾದುಹೋದದ್ದು ಒಂದು ಮಾತು. ನಲವತ್ತೈದು ಸೆಕೆಂಡು ಪಲ್ಲವಿ ಪೂರ್ತಿ ಸ್ಪಷ್ಟವಾಗಿ ಕೇಳುವುದು ಇನ್ನೊಂದು ಮಾತು.

ಆದ್ದರಿಂದ ಇಲ್ಲಿ ಪತ್ರ ಬೇಡ. ಯೂಟ್ಯೂಬಿನಲ್ಲೇ ಆ ಭಾಗವನ್ನು ಕತ್ತರಿಸುವ, ಹಾಡನ್ನು ಮಾತ್ರ ಮೌನಗೊಳಿಸುವ, ಇಲ್ಲವೆ ಬೇರೆ ಸಂಗೀತ ಹಾಕುವ ಅನುಕೂಲವಿದೆ. ಹಾಡು ಮಾತ್ರ ತೆಗೆದರೆ ಮಗ್ಗದ ಸದ್ದು ಕೆಲವೊಮ್ಮೆ ಉಳಿಯುತ್ತದೆ, ಕೆಲವೊಮ್ಮೆ ಅದೂ ಹೋಗುತ್ತದೆ. ಕೇಳಿ ನೋಡಿ ಒಪ್ಪಬೇಕು. ಎಲ್ಲ ಸರಿಯಾದರೆ ಆ ಕ್ಲೇಮ್ ತಾನಾಗಿ ಕಳಚುತ್ತದೆ. ಮುಂದಿನ ಸಲ ಚಿತ್ರಿಸುವ ಮೊದಲು ಅಂಗಡಿಯವರಿಗೆ, ‘ಅಣ್ಣಾ, ಎರಡು ನಿಮಿಷ ಪಾಟ ಬಂದ್ ಮಾಡ್ತೀರಾ’ ಎಂದು ಕೇಳಿಕೊಂಡರೆ ಈ ತಾಪತ್ರಯವೇ ಇರುವುದಿಲ್ಲ.

ಗದ್ವಾಲದ ಮೆರವಣಿಗೆ ಇವೆರಡರ ನಡುವಿನದು. ಬ್ಯಾಂಡಿನವರು ತಾವೇ ನುಡಿಸಿದ್ದಾರೆ, ಆದ್ದರಿಂದ ಕಂಪನಿಯ ಮುದ್ರಿಕೆ ಅದರಲ್ಲಿಲ್ಲ. ಆದರೆ ಧಾಟಿ ಸಿನಿಮಾದ್ದು, ಅದನ್ನು ಸಂಯೋಜಿಸಿದವರ ಹಕ್ಕು ಇನ್ನೂ ಇದೆ. ಮದುವೆಯ ಮೆರವಣಿಗೆಯಲ್ಲಿ ಹಾಡು ನುಡಿಸುವುದಕ್ಕೆ ಅದೇ 52ನೆಯ ಕಲಮಿನಲ್ಲಿ ವಿನಾಯಿತಿ ಕೊಟ್ಟಿದೆ. ಮದುವೆ ಮನೆಯವರು ಯಾರಿಗೂ ದುಡ್ಡು ಕಟ್ಟಬೇಕಿಲ್ಲ. ಆದರೆ ಆ ವಿನಾಯಿತಿ ಮೆರವಣಿಗೆಯಲ್ಲಿ ನುಡಿಸುವುದಕ್ಕೆ. ದಾರಿಯಲ್ಲಿ ನಿಂತವನು ಅದನ್ನು ಚಿತ್ರಿಸಿ ಲೋಕಕ್ಕೆಲ್ಲ ತೋರಿಸುವುದಕ್ಕೂ ಅದು ಚಾಚಿಕೊಳ್ಳುತ್ತದೆ ಎಂದು ನಂಬಿ ಪತ್ರ ಬರೆಯುವುದು ಅಪಾಯ. ಆದ್ದರಿಂದ ಕ್ಲೇಮ್ ಯಾವುದರ ಮೇಲೆ ಎಂಬುದನ್ನು ನೋಡಬೇಕು. ‘ನಮ್ಮ ಮುದ್ರಿಕೆ’ ಎಂದು ಕ್ಲೇಮ್ ಇದ್ದರೆ, ಇದು ಬೀದಿಯ ಬ್ಯಾಂಡು, ನಿಮ್ಮ ಮುದ್ರಿಕೆಯಲ್ಲ ಎಂದು ತಕರಾರು ಹಾಕಬಹುದು. ‘ನಮ್ಮ ಸಂಯೋಜನೆ’ ಎಂದು ಇದ್ದರೆ ಅವರ ಮಾತಿನಲ್ಲಿ ಸತ್ಯವಿದೆ. ಆ ಭಾಗದ ಆದಾಯ ಅವರಿಗೆ ಹೋಗಲಿ ಎಂದು ಬಿಡುವುದು, ಇಲ್ಲವೆ ಭಾಗವನ್ನು ಮೊಟಕು ಮಾಡುವುದು ಜಾಣತನ.

ಪತ್ರ ಕಳಿಸಿದ ಮೇಲೆ ಏನಾಗುತ್ತದೆ? ಕ್ಲೇಮುದಾರನಿಗೆ ಉತ್ತರಿಸಲು ಮೂವತ್ತು ದಿನ. ಅಷ್ಟರೊಳಗೆ ಉತ್ತರಿಸದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ವಿಡಿಯೊದಿಂದ ಹಣ ಬರುವವರು ಕ್ಲೇಮ್ ಬಿದ್ದ ಐದು ದಿನದೊಳಗೆ ತಕರಾರು ಹಾಕಬೇಕು. ಹಾಗೆ ಮಾಡಿದರೆ ಮೊದಲ ದಿನದಿಂದಲೇ ಹಣವನ್ನು ಯೂಟ್ಯೂಬು ತನ್ನಲ್ಲಿ ತಡೆದಿಟ್ಟುಕೊಂಡು, ಗೆದ್ದವರಿಗೆ ಕೊಡುತ್ತದೆ. ತಡಮಾಡಿದರೆ ತಕರಾರು ಹಾಕಿದ ದಿನದಿಂದ ಮಾತ್ರ.

ಕ್ಲೇಮುದಾರ ತಕರಾರನ್ನು ತಳ್ಳಿಹಾಕಿದರೆ ಹುಡುಗ ಮೇಲ್ಮನವಿ ಹಾಕಬಹುದು. ಅದಕ್ಕೆ ಅವರು ಏಳು ದಿನದಲ್ಲಿ ಉತ್ತರಿಸಬೇಕು. ಈ ಮೆಟ್ಟಿಲಿನಲ್ಲಿ ಜೋಪಾನ. ಮೇಲ್ಮನವಿಯನ್ನೂ ಅವರು ಒಪ್ಪದಿದ್ದರೆ ವಿಡಿಯೊ ತೆಗೆಸಲು ವಿಧಿವತ್ತಾದ ಬೇಡಿಕೆ ಸಲ್ಲಿಸಬಹುದು, ಆಗ ಸ್ಟ್ರೈಕ್ ಬೀಳುತ್ತದೆ. ಅದಕ್ಕೂ ಎದುರು ಪ್ರತಿಸೂಚನೆ ಕೊಡಲು ಅವಕಾಶವಿದೆ. ಆದರೆ ಅದರಲ್ಲಿ ನಿಜ ಹೆಸರು, ವಿಳಾಸ, ಫೋನು ಬರೆಯಬೇಕು. ಅವು ಕ್ಲೇಮುದಾರನಿಗೆ ತಲುಪುತ್ತವೆ. ಹೇಳಿದ್ದು ಸತ್ಯವೆಂದು ಪ್ರಮಾಣ ಮಾಡಬೇಕು. ಆಮೇಲೆ ಅಮೆರಿಕದ ಲೆಕ್ಕದ ಹತ್ತು ಕೆಲಸದ ದಿನದೊಳಗೆ ಕ್ಲೇಮುದಾರ ಕೋರ್ಟಿಗೆ ಹೋದದ್ದನ್ನು ತೋರಿಸದಿದ್ದರೆ ವಿಡಿಯೊ ಮರಳಿ ಬರುತ್ತದೆ.

ಮಕ್ತಲಿನ ಹಲಗೆಗೆ ಈ ದಾರಿಯನ್ನು ಕೊನೆಯವರೆಗೂ ನಡೆಯಬಹುದು, ಸತ್ಯ ಹುಡುಗನ ಕಡೆ ಇದೆ, ಸಾಕ್ಷಿಯೂ ಇದೆ. ಚಹಾದಂಗಡಿಯ ಹಾಡಿಗೆ ಇದೇ ದಾರಿ ಹಿಡಿದರೆ ತನ್ನ ಕೈಯಿಂದ ತಾನೇ ಚಾನೆಲ್ಲಿಗೆ ಸ್ಟ್ರೈಕ್ ತಂದುಕೊಂಡಂತೆ. ಮೂರು ಕ್ಲೇಮಿಗೂ ‘ಬೀದಿಯ ಸದ್ದು’ ಎಂಬ ಒಂದೇ ಸಾಲನ್ನು ಅಂಟಿಸಬಾರದು ಎಂದು ಮೊದಲೇ ಹೇಳಿದ್ದು ಇದಕ್ಕೇ.

ಕೊನೆಯದಾಗಿ, ಪತ್ರದಲ್ಲಿ ‘ಬಾರಿಸಿದವರ ಒಪ್ಪಿಗೆ ನನ್ನಲ್ಲಿದೆ’ ಎಂಬ ಒಂದು ಸಾಲು ಇತ್ತು. ಅದು ಅಲಂಕಾರಕ್ಕೆ ಬರೆದದ್ದಲ್ಲ. 1994ರ ತಿದ್ದುಪಡಿಯಿಂದ ನಮ್ಮ ಕಾಯಿದೆಯಲ್ಲಿ ಪ್ರದರ್ಶಕರ ಹಕ್ಕು ಎಂಬುದು ಸೇರಿದೆ. ಹಾಡುವವರು, ನುಡಿಸುವವರು ಮಾತ್ರವಲ್ಲ, ದೊಂಬರಾಟದವರು, ಹಾವಾಡಿಗರೂ ಅದರಲ್ಲಿ ಬರುತ್ತಾರೆ. ಅವರ ನೇರ ಪ್ರದರ್ಶನವನ್ನು ಮುದ್ರಿಸಿಕೊಳ್ಳಬೇಕಾದರೆ ಅವರ ಒಪ್ಪಿಗೆ ಬೇಕು. ಗತ್ತು ಯಾರದೂ ಅಲ್ಲದಿರಬಹುದು, ಆದರೆ ಆ ಬೆಳಿಗ್ಗೆ ಆ ಬೀದಿಯಲ್ಲಿ ಬಿದ್ದ ಪೆಟ್ಟು ಆ ಇಬ್ಬರದು. ದೂರದ ಕಂಪನಿ ತನ್ನದಲ್ಲದ್ದನ್ನು ತನ್ನದೆಂದಿತು ಎಂದು ತಕರಾರು ಹೂಡುವ ಹುಡುಗ, ಎದುರಿಗೆ ನಿಂತ ಹಲಗೆಯವರನ್ನು ಕೇಳದೆ ತಾನೂ ಅದನ್ನೇ ಮಾಡಬಾರದಲ್ಲ?

ಕೇಳುವುದು ಕಷ್ಟವೂ ಅಲ್ಲ. ಬಾರಿಸಿ ನಿಂತ ಮೇಲೆ ಹತ್ತಿರ ಹೋಗಿ, ಇದನ್ನು ಎಲ್ಲಿ ಹಾಕುತ್ತೇನೆ, ಇದರಿಂದ ಹಣ ಬರಬಹುದು ಎಂದು ಅವರ ಮಾತಿನಲ್ಲೇ, ಕನ್ನಡವೋ ತೆಲುಗೋ, ತಿಳಿಸಬೇಕು. ಅವರು ಒಪ್ಪಿದರೆ ಹೆಸರು, ಊರು, ದಿನ ಹೇಳಿಸಿ ಅದೇ ಫೋನಿನಲ್ಲಿ ಅರ್ಧ ನಿಮಿಷ ಮುದ್ರಿಸಿಕೊಳ್ಳಬೇಕು. ಅವರು ಕೇಳಿದಷ್ಟೋ ತನ್ನಿಂದಾದಷ್ಟೋ ಕೈಗೆ ಕೊಡಬೇಕು. ಆ ಅರ್ಧ ನಿಮಿಷದ ಮಾತು ಮುಂದೆ ಕ್ಲೇಮ್ ಬಂದಾಗ ಹುಡುಗನ ಪರವಾಗಿ ನಿಲ್ಲುವ ಸಾಕ್ಷಿಯೂ ಆಗುತ್ತದೆ.